ಎರಡು ಗಣತಿಯ ಲೆಕ್ಕ: ಬೆಂಗಳೂರಿನ ಜನಸಂಖ್ಯೆ ಅಳೆಯುವಾಗ ಎಡವುವ ಜಾಗಗಳು

ತಪ್ಪು ಕಲ್ಪನೆ: 2001ರಿಂದ 2011ರೊಳಗೆ ಬೆಂಗಳೂರು ದುಪ್ಪಟ್ಟಾಯಿತು.

ಈ ಮಾತಿಗೆ ಆಧಾರ ಇಲ್ಲದಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43 ಲಕ್ಷ. 2011ರಲ್ಲಿ ಬಿಬಿಎಂಪಿಯದು 84.4 ಲಕ್ಷ. ಎರಡನ್ನೂ ಸೂತ್ರಕ್ಕೆ ಹಾಕಿದರೆ ವರ್ಷಕ್ಕೆ ಸುಮಾರು ಶೇ 7ರ ಬೆಳವಣಿಗೆ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಉತ್ತರ ತಪ್ಪು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿಕೊಂಡೇ ಬಿಬಿಎಂಪಿ ಹುಟ್ಟಿದ್ದು. ಯಲಹಂಕದವರೋ ಕೆಂಗೇರಿಯವರೋ ಮನೆ ಬದಲಿಸಲಿಲ್ಲ, ಪಾಲಿಕೆಯ ಗಡಿಯೇ ಅವರ ಮನೆಯಾಚೆಗೆ ಸರಿಯಿತು. ಈ ಹೆಚ್ಚಳದಲ್ಲಿ ಜನ ಬೆಳೆದದ್ದೆಷ್ಟು, ಗಡಿ ಬೆಳೆದದ್ದೆಷ್ಟು ಎಂದು ಸೂತ್ರ ಹೇಳಲಾರದು.

ಆದ್ದರಿಂದ ಗಡಿ ಬದಲಾಗದ ಘಟಕ ಬೇಕು. ಬೆಂಗಳೂರು ನಗರ ಜಿಲ್ಲೆ ಅಂಥದ್ದು. ಅಲ್ಲಿ 1991ರಲ್ಲಿ 48.39 ಲಕ್ಷ, 2001ರಲ್ಲಿ 65.37 ಲಕ್ಷ, 2011ರಲ್ಲಿ 96.22 ಲಕ್ಷ ಜನರಿದ್ದರು. ಮೂರೂ ಗಣತಿಗಳ ಉಲ್ಲೇಖ ದಿನಾಂಕ ಮಾರ್ಚ್ 1, ಹಾಗಾಗಿ ನಡುವಿನ ಅಂತರ ಸರಿಯಾಗಿ ಹತ್ತು ಹತ್ತು ವರ್ಷ. ಮುಂದಿನ ಲೆಕ್ಕವೆಲ್ಲ ಈ ಅಂಕಿಗಳ ಮೇಲೆಯೇ.

ತಪ್ಪು ಕಲ್ಪನೆ: ಹತ್ತು ವರ್ಷಕ್ಕೆ ಶೇ 47.18 ಎಂದರೆ ವರ್ಷಕ್ಕೆ ಶೇ 4.72.

2011ರ ಗಣತಿಯ ನಂತರ ಶೇ 47.18 ಎಂಬ ಅಂಕಿ ಪತ್ರಿಕೆಗಳಲ್ಲಿ ಓಡಾಡಿತು. ಅದನ್ನು ಹತ್ತರಿಂದ ಭಾಗಿಸಿ ವಾರ್ಷಿಕ ದರ ಎನ್ನುವುದು ಬಹಳ ಸಹಜವಾಗಿ ಆಗುವ ತಪ್ಪು. ಈ ವರ್ಷ ಸೇರಿದವರೂ ಮುಂದಿನ ವರ್ಷದ ಬೆಳವಣಿಗೆಗೆ ಬುನಾದಿಯಾಗುತ್ತಾರೆ. ಇದು ಚಕ್ರಬಡ್ಡಿಯ ಲೆಕ್ಕ, ಭಾಗಾಕಾರ ಮಾಡುವವರು ಸರಳಬಡ್ಡಿಯ ಲೆಕ್ಕ ಹಾಕುತ್ತಿದ್ದಾರೆ.

ತಾಳೆ ನೋಡುವುದು ಸುಲಭ. 65.37 ಲಕ್ಷವನ್ನು ವರ್ಷಕ್ಕೆ ಶೇ 4.72ರಂತೆ ಹತ್ತು ಸಲ ಬೆಳೆಸಿ. 2011ಕ್ಕೆ ಬರುವುದು ಸುಮಾರು 103.7 ಲಕ್ಷ. ಗಣತಿಯಲ್ಲಿ ಸಿಕ್ಕಿದ್ದು 96.22 ಲಕ್ಷ. ಅಂದರೆ ಏಳೂವರೆ ಲಕ್ಷ ಜನ ಕಾಗದದ ಮೇಲೆ ಮಾತ್ರ ಹುಟ್ಟಿದ್ದಾರೆ.

ಸರಿಯಾದ ದಾರಿ ಹೀಗೆ. ಘಾತೀಯ ಮಾದರಿಯ ರೂಪ:

```
P(t) = P0 · e^(r·t)
```

ಇಲ್ಲಿ P0 ಎಂದರೆ ಮೊದಲ ಗಣತಿಯ ಅಂಕಿ, t ಎಂದರೆ ಅಲ್ಲಿಂದ ಕಳೆದ ವರ್ಷಗಳು. 2001ನ್ನು t = 0 ಎಂದಿಟ್ಟುಕೊಂಡರೆ P0 ಆಗಲೇ ಕೈಯಲ್ಲಿದೆ, 65.37. ಉಳಿದದ್ದು r ಒಂದೇ. ಮೊದಲು ಅನುಪಾತ ತೆಗೆಯಬೇಕು, ಆಮೇಲೆ ಅದರ ಸ್ವಾಭಾವಿಕ ಲಾಗರಿದಮ್, ಕೊನೆಗೆ ವರ್ಷಗಳಿಂದ ಭಾಗ:

```
96.22 / 65.37 = 1.4719
r = ln(1.4719) / 10 = 0.03866
```

ಕ್ಯಾಲ್ಕುಲೇಟರಿನಲ್ಲಿ ln ಗುಂಡಿಯನ್ನೇ ಒತ್ತಬೇಕು. ಪಕ್ಕದ log ಒತ್ತಿದರೆ 0.0168 ಬರುತ್ತದೆ. ಅದನ್ನೇ ಸೂತ್ರಕ್ಕೆ ಹಾಕಿದರೆ 2011ಕ್ಕೆ 77 ಲಕ್ಷದ ಆಸುಪಾಸು ಬಂದು, ಎಡವಟ್ಟು ತಕ್ಷಣ ಗೊತ್ತಾಗುತ್ತದೆ. ದರ ಸಿಕ್ಕಿದ ಮೇಲೆ ಅದನ್ನು ಎರಡನೇ ಗಣತಿಯ ವರ್ಷಕ್ಕೆ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟು ಮುಂದೆ ಹೋಗಬಾರದು.

ತಪ್ಪು ಕಲ್ಪನೆ: ಒಬ್ಬರು ಶೇ 3.87 ಅಂದರು, ಇನ್ನೊಬ್ಬರು ಶೇ 3.94. ಒಬ್ಬರದು ತಪ್ಪಿರಲೇಬೇಕು.

ಎರಡೂ ಸರಿ. 3.87 ಎನ್ನುವುದು ಕ್ಷಣಕ್ಷಣಕ್ಕೂ ಸೇರುತ್ತಾ ಹೋಗುವ ದರ, ಮೇಲಿನ r ಅದೇ. ಆ ದರದಲ್ಲಿ ಪೂರ್ತಿ ಒಂದು ವರ್ಷ ಕಳೆದಾಗ ಜನಸಂಖ್ಯೆ 1.0394 ಪಟ್ಟಾಗಿರುತ್ತದೆ, ಅದೇ ಶೇ 3.94. ಆಯಾ ದರವನ್ನು ಅದರದೇ ಸೂತ್ರಕ್ಕೆ ಹಾಕಬೇಕು, ಅಷ್ಟೆ. e^(rt) ಒಳಗೆ 0.0394 ತುರುಕಿದರೆ ಉತ್ತರ ಉಬ್ಬುತ್ತದೆ.

ತಪ್ಪು ಕಲ್ಪನೆ: ರೇಖೆ ಎರಡೂ ಗಣತಿಗಳನ್ನು ಕರಾರುವಾಕ್ಕಾಗಿ ಮುಟ್ಟುತ್ತದೆ, ಹಾಗಾಗಿ ಮಾದರಿ ಸರಿಯಿದೆ.

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ನಂಬಿಕೆ. ಮಾದರಿಯಲ್ಲಿ ಗೊತ್ತಿಲ್ಲದವು ಎರಡು, P0 ಮತ್ತು r. ನಾವು ಕೊಟ್ಟ ಅಂಕಿಗಳೂ ಎರಡು. ಮುಟ್ಟದೆ ಇನ್ನೇನು ಮಾಡುತ್ತದೆ? ಒಂದು ಸರಳ ರೇಖೆಯೂ ಅವೆರಡನ್ನೂ ಅಷ್ಟೇ ಚೊಕ್ಕವಾಗಿ ಮುಟ್ಟುತ್ತದೆ. ಮುಟ್ಟಿದ್ದು ಪುರಾವೆಯಲ್ಲ. ಪರೀಕ್ಷೆ ಆಗಬೇಕಾದರೆ ಲೆಕ್ಕಕ್ಕೆ ಬಳಸದ ಮೂರನೆಯ ಅಂಕಿ ಬೇಕು.

ನಮ್ಮಲ್ಲಿ ಅದು ಇದೆ. 2001ರಲ್ಲಿ ಕೂತು, 1991 ಮತ್ತು 2001ರ ಗಣತಿ ಮಾತ್ರ ಗೊತ್ತಿದೆ ಎಂದುಕೊಳ್ಳೋಣ. ಅನುಪಾತ 1.3509, r ಸುಮಾರು 0.0301. ಈ ಮಾದರಿ 2011ಕ್ಕೆ ಹೇಳುವುದು 88.3 ಲಕ್ಷ. ನಿಜವಾಗಿ ಆದದ್ದು ಅದಕ್ಕಿಂತ ಸುಮಾರು 8 ಲಕ್ಷ ಹೆಚ್ಚು. ದರ ಸ್ಥಿರವಾಗಿರುತ್ತದೆ ಎಂಬುದು ಮಾದರಿಯ ಒಂದೇ ಒಂದು ಊಹೆ, ಬೆಂಗಳೂರಿನಲ್ಲಿ ಅದೇ ಉಳಿಯಲಿಲ್ಲ. ಜನನ ಮರಣಗಳಷ್ಟೇ ಲೆಕ್ಕಕ್ಕಿದ್ದಿದ್ದರೆ ದರ ನಿಧಾನಕ್ಕೆ ಬದಲಾಗುತ್ತಿತ್ತು. ಕೆಲಸ ಹುಡುಕಿ ಬರುವವರು ಹಾಗಲ್ಲ, ಕೆಲಸ ಎಷ್ಟಿದೆಯೋ ಅಷ್ಟು ಬರುತ್ತಾರೆ, ಕಡಿಮೆಯಾದರೆ ನಿಲ್ಲುತ್ತಾರೆ. ನಗರಗಳ ಮಟ್ಟಿಗೆ ಘಾತೀಯ ಮಾದರಿ ಸೋಲುವುದು ಹೆಚ್ಚಾಗಿ ಇಲ್ಲೇ.

ತಪ್ಪು ಕಲ್ಪನೆ: ದರ ಸಿಕ್ಕಿತೆಂದರೆ ಯಾವ ವರ್ಷಕ್ಕಾದರೂ ಭವಿಷ್ಯ ಹೇಳಬಹುದು.

ಹೇಳಬಹುದು, ಸೂತ್ರ ಬೇಡ ಅನ್ನುವುದಿಲ್ಲ. 0.03866 ದರವನ್ನೇ ನೂರು ವರ್ಷ ಓಡಿಸಿದರೆ 2111ಕ್ಕೆ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಸುಮಾರು 46 ಕೋಟಿ ಜನ. ಜಿಲ್ಲೆಯ ವಿಸ್ತೀರ್ಣ ಸುಮಾರು 2,196 ಚದರ ಕಿಲೋಮೀಟರ್. ಕೆರೆ, ರಸ್ತೆ, ಬನ್ನೇರುಘಟ್ಟದ ಕಡೆಯ ಕಾಡು ಎಲ್ಲ ಸೇರಿಸಿ ಹಂಚಿದರೂ ಒಬ್ಬೊಬ್ಬರ ಪಾಲಿಗೆ 5 ಚದರ ಮೀಟರ್ ಸಿಗುವುದಿಲ್ಲ.

ಹತ್ತಿರದ ವರ್ಷಗಳಲ್ಲೂ ಅನಿಶ್ಚಿತತೆ ಸಣ್ಣದೇನಲ್ಲ. 2021ರ ಗಣತಿ ನಡೆಯಲಿಲ್ಲ. ಮುಂದಿನದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1, ಅಂದರೆ 2011ರಿಂದ 16 ವರ್ಷ. 2001ರಿಂದ 2011ರ ದಶಕದ ದರವೇ ಮುಂದುವರಿದರೆ ಜಿಲ್ಲೆಯಲ್ಲಿ 178.6 ಲಕ್ಷ ಜನರಿರಬೇಕು:

```
96.22 · e^(0.03866·16) = 178.6
```

ಅದರ ಹಿಂದಿನ ದಶಕದ 0.0301 ದರ ಹಿಡಿದರೆ 156 ಲಕ್ಷದ ಆಸುಪಾಸು. ದರವನ್ನೇ ಕೈಬಿಟ್ಟು, 2001ರಿಂದ 2011ರವರೆಗೆ ವರ್ಷಕ್ಕೆ ಸೇರಿದ 3.085 ಲಕ್ಷದಷ್ಟೇ ಜನ ಸೇರುತ್ತಾ ಹೋದರೆ 145.6 ಲಕ್ಷ. r ಅಂಕಿಯಲ್ಲಿ ಒಂದು ಶೇಕಡಾ ಅಂಶಕ್ಕಿಂತ ಕಡಿಮೆ ವ್ಯತ್ಯಾಸ, ಹದಿನಾರು ವರ್ಷಕ್ಕೆ ಸುಮಾರು 23 ಲಕ್ಷ ಜನರ ಅಂತರವಾಗಿ ನಿಂತಿದೆ. ಆದ್ದರಿಂದ ಒಂದೇ ಅಂಕಿಯನ್ನು ಉತ್ತರ ಎಂದು ಕೊಡುವುದಕ್ಕಿಂತ, ಯಾವ ದರಕ್ಕೆ ಎಷ್ಟು ಬರುತ್ತದೆ ಎಂದು ಜೊತೆಜೊತೆಗೆ ಬರೆಯುವುದು ಪ್ರಾಮಾಣಿಕ ಲೆಕ್ಕ.

ಹೊಸ ಗಣತಿಯ ಅಂಕಿ ಬಂದಾಗ ಮೊದಲು ನೋಡಬೇಕಾದದ್ದು ಜಿಲ್ಲೆಯ ಸಾಲನ್ನು. ಬಿಬಿಎಂಪಿ ಈಗ ಐದು ನಗರ ಪಾಲಿಕೆಗಳಾಗಿ ಒಡೆದಿದೆ. ಅವುಗಳಲ್ಲಿ ಒಂದನ್ನು ಹಳೆಯ 84.4 ಲಕ್ಷದ ಪಕ್ಕದಲ್ಲಿಟ್ಟು ಸೂತ್ರಕ್ಕೆ ಹಾಕಿದರೆ, ಈ ಸಲ r ಋಣಾತ್ಮಕವಾಗಿಯೇ ಬರುತ್ತದೆ.