ಬೇಸಿಗೆಯ ಇರುಳಿಗೆ ತಕ್ಕ ಹಾಸಿಗೆಬಟ್ಟೆ

ಚೈತ್ರ, ವೈಶಾಖಗಳಲ್ಲಿ ಅರಸೀಕೆರೆ ಸೀಮೆಯ ಮನೆಗಳಲ್ಲಿ ಹಗಲಿನ ಕಾವು ಗೋಡೆಗಳಲ್ಲಿ ಉಳಿದು, ರಾತ್ರಿ ಬಹುಹೊತ್ತಿನವರೆಗೂ ಒಳಗೆ ಸೆಕೆಯಾಡುತ್ತದೆ. ಆಗ ದೇಹವು ಬೆವರನ್ನು ಆರಿಸಿಕೊಂಡೇ ತಂಪಾಗಬೇಕು. ಮೈಗೆ ತಗುಲಿದ ಬಟ್ಟೆ ಆ ಬೆವರನ್ನು ಹೀರಿ ಗಾಳಿಗೆ ಬಿಟ್ಟುಕೊಡದಿದ್ದರೆ ನಿದ್ರೆ ಕೆಡುತ್ತದೆ.

ಕಳೆದ ಬೇಸಿಗೆಯಲ್ಲಿ ಪರಿಚಿತರೊಬ್ಬರು ‘ಥ್ರೆಡ್ ಕೌಂಟ್ 800’ ಎಂದು ಮುದ್ರಿತವಾಗಿದ್ದ ಬೆಲೆಬಾಳುವ ಹತ್ತಿಯ ಹಾಸಿಗೆಬಟ್ಟೆಯನ್ನು ಕೊಂಡು, ಅದರ ಮೇಲೆ ಮಲಗಿದರೆ ಬೆನ್ನು ಒದ್ದೆಯಾಗುತ್ತದೆಂದು ನಮ್ಮಲ್ಲಿ ಹೇಳಿಕೊಂಡರು. ಒಂದು ಚದರ ಅಂಗುಲದಲ್ಲಿರುವ ಹಾಸಿನ ಎಳೆಗಳು ಮತ್ತು ಹೊಕ್ಕಿನ ಎಳೆಗಳ ಒಟ್ಟು ಸಂಖ್ಯೆಯೇ ಥ್ರೆಡ್ ಕೌಂಟ್. ನಾವು ಭೂತಗನ್ನಡಿಯನ್ನಿಟ್ಟು ಕಾಲು ಅಂಗುಲದಲ್ಲಿ ಎಣಿಸಿದೆವು: ಹಾಸಿನಲ್ಲಿ 30, ಹೊಕ್ಕಿನಲ್ಲಿ 20. ಅಂಗುಲಕ್ಕೆ 120 ಮತ್ತು 80. ಒಟ್ಟು 200 ಮಾತ್ರ. ಉಳಿದ 600 ಎಲ್ಲಿಂದ ಬಂದವು? ಅಂಚಿನಿಂದ ಒಂದು ನೂಲನ್ನು ಎಳೆದು, ಅದರ ಹುರಿಯನ್ನು ಹಿಮ್ಮುಖವಾಗಿ ಬಿಚ್ಚಿದಾಗ ಅದು ನಾಲ್ಕು ಸಣ್ಣ ಎಳೆಗಳಾಗಿ ಬೇರೆಯಾಯಿತು. ನಾಲ್ಕನ್ನು ಹುರಿಗೊಳಿಸಿದ ಒಂದು ನೂಲನ್ನು ನಾಲ್ಕೆಂದು ಲೆಕ್ಕ ಹಾಕಿದ್ದರು. ಹುರಿನೂಲನ್ನು ಒಂದೆಂದೇ ಎಣಿಸುವುದು ಸರಿಯಾದ ಕ್ರಮ. ಇಂತಹ ದಪ್ಪ ನೂಲು ಬಟ್ಟೆಯ ರಂಧ್ರಗಳನ್ನು ಮುಚ್ಚಿ, ತೂಕವನ್ನು ಹೆಚ್ಚಿಸುತ್ತದೆಯೇ ಹೊರತು ತಂಪನ್ನು ಕೊಡುವುದಿಲ್ಲ.

ಸಂಖ್ಯೆಯಷ್ಟೇ ಮುಖ್ಯವಾದುದು ನೇಯ್ಗೆ. ಸಾದಾ ನೇಯ್ಗೆಯಲ್ಲಿ ನೂಲು ಒಂದರ ಮೇಲೆ, ಮತ್ತೊಂದರ ಕೆಳಗೆ ಹಾಯುತ್ತದೆ. ಪರ್ಕೇಲ್ ಎಂಬುದು ಇದರ ನವಿರಾದ ರೂಪ. ಅದು ಗರಿಗರಿಯಾಗಿದ್ದು ಮೈಗೆ ಅಂಟುವುದಿಲ್ಲ. ಸ್ಯಾಟೀನ್ ನೇಯ್ಗೆಯಲ್ಲಿ ನೂಲು ಸಾಮಾನ್ಯವಾಗಿ ನಾಲ್ಕರ ಮೇಲೆ ಹಾಯ್ದು ಒಂದರ ಕೆಳಗೆ ನುಸುಳುತ್ತದೆ. ಅದು ಮುಟ್ಟಲು ನುಣುಪು, ನೋಡಲು ಹೊಳಪು. ಆದರೆ ಮೈಗೆ ಒತ್ತಿಕೊಂಡು ಸೆಕೆಯನ್ನು ಹಿಡಿದಿಡುವುದರಿಂದ ಚಳಿಗಾಲಕ್ಕೇ ಒಪ್ಪುತ್ತದೆ.

ಆದ್ದರಿಂದ ಬೇಸಿಗೆಗೆ ಒಂಟಿ ಎಳೆಯ ನೂಲಿನ, ಸಾದಾ ನೇಯ್ಗೆಯ, ಸುಮಾರು 180ರಿಂದ 300ರವರೆಗಿನ ಎಣಿಕೆಯ ಅಪ್ಪಟ ಹತ್ತಿಬಟ್ಟೆ ಸಾಕು. ಕೊಳ್ಳುವಾಗ ಒಂದು ಪದರವನ್ನು ಬಾಯಿಗೆ ಹಿಡಿದು ಊದಿರಿ. ಆಚೆ ಇಟ್ಟ ಅಂಗೈಗೆ ಉಸಿರು ಸುಲಭವಾಗಿ ತಾಗಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇದ್ದರೆ ಈ ಪರೀಕ್ಷೆ ತಪ್ಪು ಹೇಳಬಹುದು. ಒಮ್ಮೆ ಒಗೆದ ಮೇಲೆ ಮತ್ತೆ ನೋಡಿರಿ. ಎಣಿಕೆ ತೀರ ಕಡಿಮೆಯಾದರೂ ಬಟ್ಟೆ ಒರಟಾಗಿ ಬೇಗ ಜಾಳಾಗುತ್ತದೆ.

ಹಳೇಬೀಡನ್ನು ದಾಟಿ ಬೇಲೂರಿನತ್ತ ಹೋದಂತೆ ಮಲೆನಾಡಿನ ಮಳೆ ಹತ್ತಿರವಾಗುತ್ತದೆ. ಅಲ್ಲಿ ಹಗುರ ಬಟ್ಟೆಗೆ ಇನ್ನೊಂದು ಪ್ರಯೋಜನವಿದೆ: ಜಡಿಮಳೆಯ ದಿನಗಳಲ್ಲಿ ದಪ್ಪ ಬಟ್ಟೆ ಒಣಗದೆ ಮುಗ್ಗಲು ಹಿಡಿಯುವಾಗ ಅದು ಬೇಗ ಆರುತ್ತದೆ.

ಒಂದು ಮಿತಿಯನ್ನೂ ಹೇಳಬೇಕು. ಕೆಳಗೆ ಫೋಮ್ ಹಾಸಿಗೆಯೋ ಪ್ಲಾಸ್ಟಿಕ್ ಹೊದಿಕೆಯೋ ಇದ್ದರೆ ಮೇಲಿನ ಬಟ್ಟೆ ಎಷ್ಟೇ ಒಳ್ಳೆಯದಾದರೂ ಬೆವರು ಕೆಳಗಿಳಿಯದು. ನಮ್ಮ ಪರಿಚಿತರು ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು, ಪೆಟ್ಟಿಗೆಯಲ್ಲಿದ್ದ ಹಳೆಯ ಸಾದಾ ನೇಯ್ಗೆಯ ಬಟ್ಟೆಯನ್ನು ಹಾಸಿದರು. ಮರುದಿನ ಬೆಳಿಗ್ಗೆ ಬೆನ್ನು ಒಣಗಿತ್ತು.