ಆಸ್ಪತ್ರೆಯ ಬಿಲ್ ತಪಾಸಣೆ: ಆದಾಯ ಎಲ್ಲಿ ಸೋರಿಹೋಗುತ್ತದೆ?

ಉಗ್ರಾಣದಿಂದ ಹೊರಬಿದ್ದ ಸರಕಿಗೆ ಬಿಲ್ ಆಗದಿದ್ದರೆ ದಾಸ್ತಾನು ಎಣಿಕೆಯ ವೇಳೆ ಅದು ಬೆಳಕಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಔಷಧಗಳನ್ನು ಬಿಟ್ಟರೆ ಉಳಿದ ಸೇವೆಗಳಿಗೆ ದಾಸ್ತಾನು ಎಂಬುದಿಲ್ಲ. ರಾತ್ರಿ ಮಾಡಿದ ಸ್ಕ್ಯಾನ್ ಬಿಲ್ಲಿಗೆ ಸೇರದಿದ್ದರೆ, ಬಿಲ್ಲನ್ನು ಎಷ್ಟು ಬಾರಿ ಕೂಡಿ ನೋಡಿದರೂ ಅದು ತಿಳಿಯದು. ಆದುದರಿಂದ ಇಲ್ಲಿನ ತಪಾಸಣೆಯು ಚಿಕಿತ್ಸೆಯ ದಾಖಲೆಗಳಿಂದ ಆರಂಭವಾಗಿ ಬ್ಯಾಂಕಿನ ಜಮೆಯಲ್ಲಿ ಮುಗಿಯತಕ್ಕದ್ದು.

ಕಡತಗಳ ಆಯ್ಕೆ

ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ತಿಂಗಳಿಗೆ ಮೂವತ್ತು ಕಡತಗಳನ್ನು ಪರಿಶೀಲಿಸಿದರೆ ಸಾಕು. ಶಸ್ತ್ರಚಿಕಿತ್ಸೆಯಾದವು, ಪ್ಯಾಕೇಜಿನ ಅವಧಿಗಿಂತ ಹೆಚ್ಚು ದಿನ ರೋಗಿ ಉಳಿದವು ಮತ್ತು ವಿಮಾ ಕಂಪನಿ ಕಡಿತ ಮಾಡಿದವು, ಈ ಮೂರು ಬಗೆಯವನ್ನು ಮೊದಲು ಆರಿಸಬೇಕು. ಪ್ರತಿ ಕಡತದಲ್ಲಿಯೂ ವೈದ್ಯರ ಆದೇಶ, ದಾದಿಯರ ಟಿಪ್ಪಣಿ, ಶಸ್ತ್ರಚಿಕಿತ್ಸಾ ಕೊಠಡಿಯ ರಿಜಿಸ್ಟರ್ ಹಾಗೂ ಪ್ರಯೋಗಾಲಯದ ರಿಜಿಸ್ಟರ್‌ಗಳನ್ನು ಬಿಲ್ಲಿನೊಡನೆ ಸಾಲು ಸಾಲಾಗಿ ತಾಳೆ ನೋಡಬೇಕು. ಆದೇಶವಾಗಿದ್ದರೂ ನಡೆಯದ ಪರೀಕ್ಷೆಗಳಿರಬಹುದು. ಆದ್ದರಿಂದ ವರದಿ ಇರುವುದನ್ನು ಮಾತ್ರ ಸಲ್ಲಿಸಿದ ಸೇವೆಯೆಂದು ಎಣಿಸಬೇಕು.

ಒಂದು ಉದಾಹರಣೆ

ಲ್ಯಾಪರೋಸ್ಕೋಪಿ ವಿಧಾನದಿಂದ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ವಿಮಾ ಕಂಪನಿಯೊಡನೆ ರೂ. 60,000ದ ಪ್ಯಾಕೇಜ್ ಒಪ್ಪಂದವಿದೆಯೆಂದು ಇಟ್ಟುಕೊಳ್ಳೋಣ. ಇದರಲ್ಲಿ ಮೂರು ದಿನಗಳ ವಾಸ, ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ಔಷಧ ಸೇರಿವೆ. ಹೆಚ್ಚುವರಿ ವಾಸ, ಸ್ಕ್ಯಾನ್ ಮತ್ತು ಬಯಾಪ್ಸಿ ಸೇರಿಲ್ಲ. ಪ್ಯಾಕೇಜಿನ ಮೇಲೆ ಶೇ. 5ರ ರಿಯಾಯಿತಿ ಉಂಟು.

ರೋಗಿಗೆ ಜ್ವರ ಬಂದು ಐದು ದಿನ ಉಳಿಯಬೇಕಾಯಿತು. ಎರಡು ಹೆಚ್ಚುವರಿ ದಿನಗಳಿಗೆ ರೂ. 5,000, ಸ್ಕ್ಯಾನಿಗೆ ರೂ. 4,500, ಬಯಾಪ್ಸಿಗೆ ರೂ. 1,200 ಸೇರಿ ಒಟ್ಟು ರೂ. 70,700 ಆಗಬೇಕಿತ್ತು. ಬಿಲ್ಲಾದದ್ದು ಪ್ಯಾಕೇಜ್ ಮತ್ತು ಒಂದು ಹೆಚ್ಚುವರಿ ದಿನ ಮಾತ್ರ, ಎಂದರೆ ರೂ. 62,500. ರಾತ್ರಿಯ ಸ್ಕ್ಯಾನ್ ಚೀಟಿ ಬಿಲ್ಲಿಂಗ್ ಕೌಂಟರಿಗೆ ತಲುಪಿರಲಿಲ್ಲ. ಬಯಾಪ್ಸಿ ವರದಿ ರೋಗಿ ಮನೆಗೆ ಹೋದ ಬಳಿಕ ಬಂದಿತು. ಹೀಗೆ ಬಿಲ್ಲಾಗದೆ ಉಳಿದದ್ದು ರೂ. 8,200.

ವಿಮಾ ಕಂಪನಿಯು ರಿಯಾಯಿತಿ ರೂ. 3,000ವನ್ನು ಕಳೆದು, ಹೆಚ್ಚುವರಿ ದಿನದ ರೂ. 2,500ನ್ನು ತಿರಸ್ಕರಿಸಿ, ರೂ. 57,000 ಮಂಜೂರು ಮಾಡಿತು. ಪೂರ್ವಾನುಮತಿ ಮೂರು ದಿನಗಳಿಗೆ ಮಾತ್ರ ಇದ್ದು, ಅವಧಿ ವಿಸ್ತರಣೆಯನ್ನು ಕೋರದಿದ್ದುದೇ ತಿರಸ್ಕಾರಕ್ಕೆ ಕಾರಣ. ಮೂಲದಲ್ಲಿ ಶೇ. 10ರ ತೆರಿಗೆ, ಅಂದರೆ ರೂ. 5,700, ಕಡಿತವಾಗಿ ಬ್ಯಾಂಕಿಗೆ ಬಂದದ್ದು ರೂ. 51,300.

ಅಂತರದ ವಿಂಗಡಣೆ

ಬರಬೇಕಾದ ಮತ್ತು ಬಂದ ಹಣದ ನಡುವಣ ಅಂತರ ರೂ. 19,400. ಇದೆಲ್ಲವೂ ಸೋರಿಕೆಯಲ್ಲ. ರಿಯಾಯಿತಿ ಒಪ್ಪಂದದಂತೆ ಕೊಟ್ಟದ್ದು. ಕಡಿತವಾದ ತೆರಿಗೆ ಆಸ್ಪತ್ರೆಯ ಖಾತೆಯಲ್ಲಿಯೇ ಜಮೆಯಾಗುವ ಮೊತ್ತ. ನಿಜವಾದ ಸೋರಿಕೆ ರೂ. 10,700. ಆದರೆ ಲೆಕ್ಕದ ಗುಮಾಸ್ತರು ಬಿಲ್ಲಿಗೂ ಜಮೆಗೂ ಇರುವ ವ್ಯತ್ಯಾಸವನ್ನು ಒಟ್ಟಾಗಿ 'ರಿಯಾಯಿತಿ' ಎಂದು ಬರೆದುಬಿಟ್ಟರೆ, ತಿರಸ್ಕಾರವೂ ತೆರಿಗೆಯೂ ಅದರಲ್ಲಿ ಮರೆಯಾಗುತ್ತವೆ. ಒಪ್ಪಂದದ ದರಕ್ಕಿಂತ ರಿಯಾಯಿತಿ ಖಾತೆ ಹೆಚ್ಚಾಗಿ ಕಂಡಲ್ಲಿ ಮೊದಲು ಈ ಸಂಶಯ ಬರಬೇಕು. ಬಿಲ್ಲಾಗದ ರೂ. 8,200 ಲೆಕ್ಕದ ಪುಸ್ತಕದಲ್ಲಿಯೇ ಇಲ್ಲದ್ದರಿಂದ, ಅದು ತಾಳೆ ನೋಡಿದಾಗಷ್ಟೇ ಸಿಗುತ್ತದೆ.

ವಸೂಲಿಯ ಮಿತಿ

ತಿರಸ್ಕೃತ ಮೊತ್ತವನ್ನು ಕೆಲವೊಮ್ಮೆ ಮರಳಿ ಕೇಳಬಹುದು. ಜ್ವರದ ದಾಖಲೆ ಮತ್ತು ವೈದ್ಯರ ಟಿಪ್ಪಣಿಗಳೊಡನೆ, ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಮರುಪರಿಶೀಲನೆಗೆ ಬರೆಯಬೇಕು. ಬಿಲ್ಲಾಗದ ಸೇವೆಗೆ, ರೋಗಿ ಬಿಡುಗಡೆಯಾದ ಮೇಲೆ, ಹಣ ದೊರೆಯುವುದು ವಿರಳ. ತಪಾಸಣೆಯ ಮುಖ್ಯ ಲಾಭವಿರುವುದು ಮುಂದಿನ ಬಿಲ್ಲುಗಳಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯಲ್ಲಿ ಆಸ್ಪತ್ರೆಯ ಬಿಡುಗಡೆ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕಂಪನಿಯು ಅಂತಿಮ ಅನುಮತಿ ನೀಡಬೇಕು. ಹಾಗಾಗಿ ಆ ಕೋರಿಕೆ ಹೋಗುವ ಮುನ್ನವೇ ಬಿಲ್ ಪೂರ್ಣವಾಗಿರಬೇಕು. ಬಯಾಪ್ಸಿಯ ಶುಲ್ಕವನ್ನು ವರದಿ ಬಂದಾಗ ನಮೂದಿಸುವ ಬದಲು ಮಾದರಿ ಕಳುಹಿಸಿದ ದಿನವೇ ನಮೂದಿಸುವುದು ಯೋಗ್ಯ.

ತಪಾಸಕರು ಎರಡೂ ಕಡೆ ನೋಡತಕ್ಕದ್ದು. ಪ್ಯಾಕೇಜಿನಲ್ಲಿ ಸೇರಿದ ಔಷಧಕ್ಕೆ ಪ್ರತ್ಯೇಕ ಬಿಲ್ ಹಾಕಿದ್ದರೆ ಅದನ್ನೂ ವರದಿಯಲ್ಲಿ ಕಾಣಿಸಿ, ರೋಗಿಗೆ ಹಿಂದಿರುಗಿಸಬೇಕು. ತಿಂಗಳ ವರದಿಯಲ್ಲಿ ಬಿಲ್ಲಾಗದ್ದು, ಒಪ್ಪಂದದ ರಿಯಾಯಿತಿ, ತಿರಸ್ಕೃತ ಮೊತ್ತ ಮತ್ತು ತೆರಿಗೆ ಎಂಬ ನಾಲ್ಕು ಕಲಮುಗಳಿರಲಿ. ಪ್ರತಿ ಮೊತ್ತದ ಎದುರಿಗೆ ಅದು ಯಾವ ವಿಭಾಗದಲ್ಲಿ ತಪ್ಪಿತೆಂಬುದನ್ನೂ ಬರೆದಲ್ಲಿ, ಸರಿಪಡಿಸಬೇಕಾದವರು ಯಾರೆಂಬುದು ಆಡಳಿತ ವರ್ಗಕ್ಕೆ ತಾನಾಗಿ ತಿಳಿಯುವುದು.