ಒಂದೇ ತಂತಿಯ ಮೇಲೆ ಮೈಕ್ರೋಸೆಕೆಂಡುಗಳ ಲೆಕ್ಕ

ಡಿಎಸ್18ಬಿ20 ಎಂಬ ತಾಪಮಾನ ಸೆನ್ಸರ್ ಮೈಕ್ರೋಕಂಟ್ರೋಲರ್ ಜೊತೆ ಮಾತಾಡುವುದು ಒಂದೇ ಡೇಟಾ ತಂತಿಯಲ್ಲಿ. ಬೇರೆ ಕ್ಲಾಕ್ ತಂತಿ ಇಲ್ಲ, ಹಾಗಾಗಿ ಸಂಕೇತದ ಅರ್ಥವೆಲ್ಲ ಅವಧಿಯಲ್ಲೇ ಇದೆ. 4.7 ಕಿಲೋಓಮ್ ರೆಸಿಸ್ಟರ್ ತಂತಿಯನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿರುತ್ತದೆ. ಮಾತಾಡಬೇಕಾದವರು ಅದನ್ನು ಸೊನ್ನೆಗೆ ಎಳೆಯುತ್ತಾರೆ.

ಮೊದಲು ಕಂಟ್ರೋಲರ್ ಕನಿಷ್ಠ 480 ಮೈಕ್ರೋಸೆಕೆಂಡ್ ಎಳೆದು ಹಿಡಿದು ಬಿಡುತ್ತದೆ. ಇದು ರೀಸೆಟ್. ಸೆನ್ಸರ್ 15ರಿಂದ 60 ಮೈಕ್ರೋಸೆಕೆಂಡ್ ಕಾದು, ತಾನೂ 60ರಿಂದ 240ರವರೆಗೆ ತಂತಿಯನ್ನು ಎಳೆದು ಹಾಜರಿ ಹಾಕುತ್ತದೆ.

ಆಮೇಲೆ ಪ್ರತಿ ಬಿಟ್‌ಗೂ ಕನಿಷ್ಠ 60 ಮೈಕ್ರೋಸೆಕೆಂಡಿನ ಒಂದು ಸ್ಲಾಟ್. 0 ಬರೆಯಲು ಕಂಟ್ರೋಲರ್ ಅಷ್ಟೂ ಹೊತ್ತು ಎಳೆದಿಡುತ್ತದೆ. 1 ಬರೆಯಲು 15ರೊಳಗೆ ಬಿಟ್ಟುಬಿಡುತ್ತದೆ.

ಓದುವುದೇ ನಾಜೂಕಿನ ಕೆಲಸ. ಕಂಟ್ರೋಲರ್ ಒಂದು ಮೈಕ್ರೋಸೆಕೆಂಡ್ ಎಳೆದು ಬಿಡುತ್ತದೆ. ಸೆನ್ಸರ್ 0 ಕಳಿಸುವುದಾದರೆ ತಂತಿಯನ್ನು ಕೆಳಗೇ ಹಿಡಿಯುತ್ತದೆ, 1 ಆದರೆ ಸುಮ್ಮನಿರುತ್ತದೆ. ಉತ್ತರವನ್ನು ಸ್ಲಾಟ್ ಶುರುವಾದ 15 ಮೈಕ್ರೋಸೆಕೆಂಡಿನೊಳಗೆ ನೋಡಬೇಕು.

ಉದ್ದದ ಕೇಬಲ್ ತೊಂದರೆ ಕೊಡುವುದು ಇಲ್ಲೇ. ಮೀಟರಿಗೆ 50 ಪಿಕೋಫ್ಯಾರಡ್‌ನಂತೆ 20 ಮೀಟರ್ ಕೇಬಲ್ ಅಂದುಕೊಳ್ಳಿ: ಒಟ್ಟು 1000. ಆಗ ಬಿಟ್ಟ ತಂತಿ ಪೂರ್ಣ ವೋಲ್ಟೇಜಿನ ಮೂರರಲ್ಲಿ ಎರಡು ಭಾಗ ಏರಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ನಾಲ್ಕನೆಯದರಲ್ಲೇ ಇಣುಕುವ ಪ್ರೋಗ್ರಾಮಿಗೆ 1 ಕೂಡ 0 ಆಗಿ ಕಾಣಬಹುದು. ಹಾಜರಿ ಸಂಕೇತ ದೀರ್ಘವಾದ್ದರಿಂದ ಅದು ಸರಿಯಾಗಿಯೇ ಸಿಗುತ್ತದೆ; ಸೆನ್ಸರ್ ಇದೆ, ಅಂಕಿ ಮಾತ್ರ ಅಡ್ಡಾದಿಡ್ಡಿ! ಇಂಥ ತಪ್ಪನ್ನು ಕೊನೆಯ ಬೈಟ್‌ನಲ್ಲಿ ಬರುವ ಸಿಆರ್‌ಸಿ ತಾಳೆ ಹಿಡಿದುಕೊಡುತ್ತದೆ. 12–13ನೇ ಮೈಕ್ರೋಸೆಕೆಂಡಿನಲ್ಲಿ ಓದಿದರೆ, ಅಥವಾ ರೆಸಿಸ್ಟರನ್ನು 2.2 ಕಿಲೋಓಮ್‌ಗೆ ಇಳಿಸಿದರೆ, ತಂತಿಗೆ ಏರಲು ಸಮಯ ಸಾಲುತ್ತದೆ.